ತಪ್ಪು ಗುರುತು ಬಿದ್ದ ಉತ್ತರವನ್ನು ಇನ್ನೊಮ್ಮೆ ನೋಡಿ ಎಂದು ಶಿಕ್ಷಕರಿಗೆ ಪತ್ರ ಬರೆಯುವುದು ಹೇಗೆ?

ಊಟದ ಬಿಡುವು. 8ನೇ ತರಗತಿಯ ಹುಡುಗಿಯೊಬ್ಬಳು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ವರ್ಕ್‌ಶೀಟ್ ಹಿಡಿದು ನಿಂತಿದ್ದಳು. "ಮೇಡಂ, ಏಳನೇ ಲೆಕ್ಕ ಸರಿಯಾಗಿಯೇ ಇದೆ, ನೀವು ತಪ್ಪು ಹಾಕಿದ್ದೀರಿ" ಎಂದಳು. ನನ್ನ ಮುಂದೆ ಹಾಜರಿ ಪುಸ್ತಕ ತೆರೆದಿತ್ತು, ಪಕ್ಕದಲ್ಲಿ ಇನ್ನೊಂದು ತರಗತಿಯ ಹಾಳೆಗಳ ಕಟ್ಟು ಕಾಯುತ್ತಿತ್ತು. "ಆಮೇಲೆ ನೋಡೋಣ" ಎಂದು ಕಳುಹಿಸಿದೆ. ಆಮೇಲೆ ನೋಡಲಿಲ್ಲ.

ಎರಡು ದಿನಗಳ ನಂತರ ಅವಳು ಒಂದು ಪತ್ರ ತಂದುಕೊಟ್ಟಳು. ಒಂದೇ ಪುಟ. ಪ್ರಶ್ನೆ, ಅವಳ ಲೆಕ್ಕದ ಹಂತಗಳು, ಕೊನೆಗೆ ಒಂದು ಸಾಲಿನ ಕೋರಿಕೆ. ಅರ್ಧ ನಿಮಿಷದಲ್ಲಿ ನನಗೆ ವಿಷಯ ಗೊತ್ತಾಯಿತು. ತಪ್ಪು ನನ್ನ ಉತ್ತರ ಸೂಚಿಯಲ್ಲಿತ್ತು. ಬಾಗಿಲಲ್ಲಿ ನಿಂತು ಅವಳು ಹೇಳಿದ್ದೂ ಅದೇ ಮಾತು, ಪತ್ರದಲ್ಲಿ ಬರೆದದ್ದೂ ಅದೇ ಮಾತು. ಆದರೆ ಬಾಯಿಮಾತಿನಲ್ಲಿ ಅವಳ ಲೆಕ್ಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಥ ಪತ್ರವನ್ನು ಹೇಗೆ ಬರೆಯಬೇಕು ಎಂಬುದನ್ನು ಅದೇ ಲೆಕ್ಕವನ್ನು ಹಿಡಿದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಆ ಲೆಕ್ಕ ಇದು

"ಮೇಲ್ಭಾಗ ತೆರೆದಿರುವ ಸಿಲಿಂಡರಿನಾಕಾರದ ತಗಡಿನ ಡಬ್ಬವೊಂದರ ತ್ರಿಜ್ಯ 7 ಸೆಂ.ಮೀ., ಎತ್ತರ 10 ಸೆಂ.ಮೀ. ಇದೆ. ಇದನ್ನು ತಯಾರಿಸಲು ಬೇಕಾಗುವ ತಗಡಿನ ವಿಸ್ತೀರ್ಣವನ್ನು ಕಂಡುಹಿಡಿಯಿರಿ. (π = 22/7 ಎಂದು ತೆಗೆದುಕೊಳ್ಳಿ)" ಈ ಪ್ರಶ್ನೆಗೆ 3 ಅಂಕ.

ಹುಡುಗಿಯ ಉತ್ತರ 594 ಚ.ಸೆಂ.ಮೀ. ನನ್ನ ಉತ್ತರ ಸೂಚಿಯಲ್ಲಿದ್ದದ್ದು 748 ಚ.ಸೆಂ.ಮೀ. ಅವಳಿಗೆ ಸಿಕ್ಕಿದ್ದು 1 ಅಂಕ, ಜೊತೆಗೆ ಒಂದು ಕೆಂಪು ಗೀಟು. ಪಕ್ಕದಲ್ಲಿ ನಾನೇ "748" ಎಂದು ಬರೆದಿದ್ದೆ.

ಮೊದಲು ನಿಮ್ಮ ಉತ್ತರವನ್ನು ನೀವೇ ಪರೀಕ್ಷಿಸಿ

ಪತ್ರ ಬರೆಯುವ ಮೊದಲು ಖಾಲಿ ಹಾಳೆಯೊಂದನ್ನು ತೆಗೆದುಕೊಂಡು, ಹಳೆಯ ಲೆಕ್ಕವನ್ನು ಮುಚ್ಚಿಟ್ಟು, ಪ್ರಶ್ನೆಯೊಂದನ್ನೇ ನೋಡಿ ಮತ್ತೆ ಮಾಡಿ. ಹಳೆಯ ಹಂತಗಳನ್ನು ನೋಡುತ್ತಾ ಪರಿಶೀಲಿಸಿದರೆ ಕಣ್ಣು ಅದೇ ದಾರಿಯಲ್ಲಿ ಸಾಗುತ್ತದೆ, ಮೊದಲ ಸಲ ಎಡವಿದ ಕಲ್ಲು ಎರಡನೆಯ ಸಲವೂ ಕಾಣುವುದಿಲ್ಲ. ಸಾಧ್ಯವಾದರೆ ಬೇರೆ ವಿಧಾನದಲ್ಲಿ ಮಾಡಿ. ಈ ಲೆಕ್ಕದಲ್ಲಿ ಮೊದಲ ವಿಧಾನ ಎಂದರೆ ಸುತ್ತಲಿನ ಗೋಡೆ ಮತ್ತು ತಳ ಎರಡನ್ನೂ ಬೇರೆ ಬೇರೆ ಕಂಡುಹಿಡಿದು ಕೂಡಿಸುವುದು:

ವಕ್ರ ಮೇಲ್ಮೈ = 2πrh = 2 × 22/7 × 7 × 10 = 440
ತಳ = πr² = 22/7 × 7 × 7 = 154
ಒಟ್ಟು = 440 + 154 = 594

ಎರಡನೆಯದು, ಎರಡನ್ನೂ ಒಂದೇ ಸೂತ್ರಕ್ಕೆ ತಂದು ಮಾಡುವುದು:

πr(2h + r) = 22/7 × 7 × (20 + 7) = 22 × 27 = 594

ಎರಡು ದಾರಿಯಲ್ಲಿ ಹೋದರೂ ಒಂದೇ ಊರು ಸಿಕ್ಕಿತು. ಆದರೆ ಎರಡೂ ವಿಧಾನಗಳ ಬುಡದಲ್ಲಿರುವುದು "ಮೇಲ್ಭಾಗ ತೆರೆದಿದೆ" ಎಂಬ ಒಂದೇ ತಿಳಿವಳಿಕೆ. ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದರೆ ಎರಡು ವಿಧಾನಗಳಲ್ಲೂ ಒಂದೇ ತಪ್ಪು ಉತ್ತರ ಬರುತ್ತದೆ. ಹಾಗಾಗಿ ಲೆಕ್ಕ ಸರಿ ಬಂದ ಮೇಲೂ ಪ್ರಶ್ನೆಯ ಒಂದೊಂದು ಪದದ ಕೆಳಗೆ ಬೆರಳಿಟ್ಟು ಓದಿ. ಕೊಟ್ಟಿರುವುದು ತ್ರಿಜ್ಯವೋ ವ್ಯಾಸವೋ? ಕೇಳಿರುವುದು ವಿಸ್ತೀರ್ಣವೋ ಘನಫಲವೋ? ಡಬ್ಬ ತೆರೆದಿದೆಯೋ ಮುಚ್ಚಿದೆಯೋ?

ಅನುಮಾನ ಇನ್ನೂ ಉಳಿದರೆ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬವೊಂದನ್ನು ತನ್ನಿ. ಮುಚ್ಚಳ ತೆಗೆದಿಡಿ. ಹಳೆಯ ಪತ್ರಿಕೆಯ ಹಾಳೆಯನ್ನು ಡಬ್ಬದ ಸುತ್ತ ಸರಿಯಾಗಿ ಒಂದು ಸುತ್ತು ಸುತ್ತಿ, ಮೇಲೆ ಕೆಳಗೆ ಉಳಿದದ್ದನ್ನು ಕತ್ತರಿಸಿ. ಅದನ್ನು ಬಿಡಿಸಿ ನೆಲದ ಮೇಲೆ ಹರಡಿದರೆ ಆಯತ ಸಿಗುತ್ತದೆ. ನಮ್ಮ ಲೆಕ್ಕದ ಡಬ್ಬವಾಗಿದ್ದರೆ ಆ ಆಯತದ ಉದ್ದ 44 ಸೆಂ.ಮೀ., ಅಗಲ 10 ಸೆಂ.ಮೀ. ಇರುತ್ತಿತ್ತು. ಡಬ್ಬವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದರೆ ತಳದ ವೃತ್ತ ಸಿಗುತ್ತದೆ. ಒಂದು ಆಯತ, ಒಂದು ವೃತ್ತ, ಇಷ್ಟೇ ತುಂಡುಗಳು. ಎರಡನೆಯ ವೃತ್ತ ಬೇಕಾಗುವುದು ಪಕ್ಕದಲ್ಲಿ ತೆಗೆದಿಟ್ಟ ಮುಚ್ಚಳಕ್ಕೆ ಮಾತ್ರ.

ಎರಡು ಉತ್ತರಗಳ ನಡುವಿನ ವ್ಯತ್ಯಾಸವನ್ನು ಓದಿ

ಬಹಳ ಮಕ್ಕಳು ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಶಿಕ್ಷಕರ ಉತ್ತರ ಗೊತ್ತಿದ್ದರೆ (ಹಾಳೆಯ ಮೇಲೆ ಬರೆದಿರುತ್ತಾರೆ, ಇಲ್ಲವೇ ಕಪ್ಪುಹಲಗೆಯ ಮೇಲೆ ಉತ್ತರಗಳನ್ನು ಬರೆಸಿರುತ್ತಾರೆ) ಅದರಿಂದ ನಿಮ್ಮ ಉತ್ತರವನ್ನು ಕಳೆಯಿರಿ:

748 − 594 = 154

ಈ 154 ಎಲ್ಲೋ ನೋಡಿದ ಸಂಖ್ಯೆಯಲ್ಲವೇ? ಅದು ತಳದ ವಿಸ್ತೀರ್ಣ. ಅಂದರೆ ಶಿಕ್ಷಕರ ಉತ್ತರದಲ್ಲಿ ನಿಮ್ಮದಕ್ಕಿಂತ ಸರಿಯಾಗಿ ಒಂದು ವೃತ್ತ ಹೆಚ್ಚಿದೆ. ಅದು ಮುಚ್ಚಳ. 2πr(r + h) ಎಂಬ ಮುಚ್ಚಿದ ಸಿಲಿಂಡರಿನ ಸೂತ್ರಕ್ಕೆ ಬೆಲೆಗಳನ್ನು ಹಾಕಿ ನೋಡಿದರೆ 44 × 17 = 748 ಎಂದು ಬಂದು ಊಹೆ ಖಚಿತವಾಗುತ್ತದೆ. ಈಗ ನಿಮ್ಮ ಬಳಿ "ನನ್ನದು ಸರಿ" ಎಂಬ ಹಠದ ಬದಲು "ವ್ಯತ್ಯಾಸ ಮುಚ್ಚಳದ್ದು" ಎಂಬ ಮಾಹಿತಿ ಇದೆ. ಶಿಕ್ಷಕರು ಹುಡುಕಬೇಕಾದ ಜಾಗವನ್ನು ನೀವೇ ತೋರಿಸಿಕೊಡಬಹುದು.

ವ್ಯತ್ಯಾಸ ನಿಮ್ಮದೇ ತಪ್ಪನ್ನೂ ತೋರಿಸುತ್ತದೆ. ಇದೇ ಪ್ರಶ್ನೆಯಲ್ಲಿ "ವ್ಯಾಸ 14 ಸೆಂ.ಮೀ." ಎಂದು ಕೊಟ್ಟಿದ್ದರೆ ಮತ್ತು ನೀವು 14ನ್ನೇ ತ್ರಿಜ್ಯ ಎಂದುಕೊಂಡಿದ್ದರೆ, ಗೋಡೆ 880, ತಳ 616, ಒಟ್ಟು 1496 ಬರುತ್ತಿತ್ತು. ಗೋಡೆ ಸರಿಯಾಗಿ ಎರಡು ಪಟ್ಟು, ತಳ ಸರಿಯಾಗಿ ನಾಲ್ಕು ಪಟ್ಟು. ಹೀಗೆ ಎರಡು ಪಟ್ಟು, ನಾಲ್ಕು ಪಟ್ಟು ಕಂಡರೆ ವ್ಯಾಸ ಮತ್ತು ತ್ರಿಜ್ಯ ಅದಲುಬದಲಾಗಿದೆ ಎಂದು ತಿಳಿಯಿರಿ. ಪತ್ರದ ಅಗತ್ಯ ಅಲ್ಲಿಗೆ ಮುಗಿಯಿತು.

ಇನ್ನೊಂದು ಸಣ್ಣ ವ್ಯತ್ಯಾಸವಿದೆ. ನೀವು π ಬೆಲೆಯನ್ನು 3.14 ಎಂದು ತೆಗೆದುಕೊಂಡಿದ್ದರೆ ಉತ್ತರ 593.46 ಬರುತ್ತದೆ. 594ಕ್ಕೂ ಅದಕ್ಕೂ ಇರುವ ಅಂತರ ಕೇವಲ 0.54. ಇಷ್ಟು ಸಣ್ಣ ಅಂತರ ಬಂದರೆ ವಿಧಾನ ಸರಿ, ಬಳಸಿದ ಬೆಲೆ ಬೇರೆ ಎಂದರ್ಥ. ಪ್ರಶ್ನೆಯಲ್ಲಿ 22/7 ಎಂದು ಸ್ಪಷ್ಟವಾಗಿ ಕೊಟ್ಟಿದ್ದಾಗ 3.14 ಬಳಸಿದ್ದರೆ ಶಿಕ್ಷಕರು ಅಂಕ ಕಡಿಮೆ ಮಾಡಿದ್ದನ್ನು ಪ್ರಶ್ನಿಸುವುದು ಕಷ್ಟ. ಏನನ್ನೂ ಕೊಡದೆ ಬಿಟ್ಟಿದ್ದರೆ ಮಾತ್ರ ಕೇಳಬಹುದು.

ಉತ್ತರದ ರೂಪ ಬೇರೆಯಾಗಿ ಬೆಲೆ ಒಂದೇ ಆಗಿರುವುದೂ ಉಂಟು. ದೊಡ್ಡ ತರಗತಿಗಳಲ್ಲಿ ಒಬ್ಬರು 1/√2 ಎಂದು ಬರೆದಿರುತ್ತಾರೆ, ಉತ್ತರ ಸೂಚಿಯಲ್ಲಿ √2/2 ಇರುತ್ತದೆ. ಅಂಶ ಮತ್ತು ಛೇದ ಎರಡನ್ನೂ √2ರಿಂದ ಗುಣಿಸಿದರೆ ಮೊದಲನೆಯದು ಎರಡನೆಯದಾಗುತ್ತದೆ. ಆ ಒಂದು ಸಾಲನ್ನು ಪತ್ರದಲ್ಲಿ ಬರೆದು ತೋರಿಸಿದರೆ ಸಾಕು. ಆದರೆ "ಛೇದವನ್ನು ಅಕರಣೀಕರಿಸಿ" ಅಥವಾ "ಸರಳ ರೂಪದಲ್ಲಿ ಬರೆಯಿರಿ" ಎಂದು ಪ್ರಶ್ನೆಯೇ ಹೇಳಿದ್ದರೆ, ಬೆಲೆ ಒಂದೇ ಆಗಿದ್ದರೂ ಕೇಳಿದ್ದನ್ನು ಪೂರ್ತಿ ಮಾಡಿಲ್ಲ ಎಂದೇ ಆಗುತ್ತದೆ.

ತಿದ್ದುವವರ ಮೇಜಿನ ಮೇಲೆ ಏನು ನಡೆಯುತ್ತದೆ

ಪತ್ರವನ್ನು ಯಾರು, ಯಾವ ಸ್ಥಿತಿಯಲ್ಲಿ ಓದುತ್ತಾರೆ ಎಂದು ಗೊತ್ತಿದ್ದರೆ ಬರೆಯುವುದು ಸುಲಭ. ನಾವು ಹಾಳೆಗಳನ್ನು ತಿದ್ದುವಾಗ ಉತ್ತರ ಸೂಚಿಯನ್ನು ಎಡಗಡೆ ಇಟ್ಟುಕೊಂಡು, ಕೆಂಪು ಪೆನ್ನನ್ನು ಮೊದಲು ಕೊನೆಯ ಸಾಲಿಗೆ ಒಯ್ಯುತ್ತೇವೆ. ಕೊನೆಯ ಉತ್ತರ ಹೊಂದಿದರೆ ಮೇಲಿನ ಹಂತಗಳ ಮೇಲೆ ಕಣ್ಣಾಡಿಸಿ ಪೂರ್ಣ ಅಂಕ ಕೊಡುತ್ತೇವೆ. ಹೊಂದದಿದ್ದರೆ ಮೇಲಿನಿಂದ ಹಂತ ಹಂತವಾಗಿ ಇಳಿದು ಎಲ್ಲಿ ದಾರಿ ತಪ್ಪಿತೋ ಅಲ್ಲಿಯವರೆಗಿನ ಅಂಕ ಕೊಡುತ್ತೇವೆ. ಆ ಹುಡುಗಿಯ ಹಾಳೆಯಲ್ಲಿ 440 ಸರಿಯಿತ್ತು, ಅದಕ್ಕೆ 1 ಅಂಕ. ಮುಂದಿನ ಸಾಲಿನಲ್ಲಿ ಸೂಚಿಯ ಪ್ರಕಾರ 308 ಕೂಡಿಸಬೇಕಿತ್ತು, ಅವಳು 154 ಕೂಡಿಸಿದ್ದಳು. ಅಲ್ಲಿ ಕೆಂಪು ಗೀಟು ಬಿತ್ತು.

ಸೂಚಿಯಲ್ಲಿ ತಪ್ಪು ಹೇಗೆ ಬಂತು ಎಂದರೆ, ಹಿಂದಿನ ವರ್ಷದ ವರ್ಕ್‌ಶೀಟ್‌ನಲ್ಲಿ ಅದೇ ಅಳತೆಯ ಮುಚ್ಚಿದ ಡಬ್ಬದ ಲೆಕ್ಕವಿತ್ತು. ಈ ವರ್ಷ ನಾನು ಪ್ರಶ್ನೆಯಲ್ಲಿ "ಮೇಲ್ಭಾಗ ತೆರೆದಿರುವ" ಎಂಬ ಎರಡು ಪದಗಳನ್ನು ಸೇರಿಸಿದೆ, ಉತ್ತರವನ್ನು ಬದಲಿಸುವುದು ಬಿಟ್ಟುಹೋಯಿತು. ಇಂಥ ತಪ್ಪಿನಲ್ಲಿ ಯಾರ ಮೇಲೂ ದ್ವೇಷವಿರುವುದಿಲ್ಲ. ಹಾಗಾಗಿ ಪತ್ರದಲ್ಲಿ ದೂರಿನ ದನಿ ಬೇಕಾಗಿಲ್ಲ, ಕೆಂಪು ಗೀಟು ಬಿದ್ದ ಆ ಒಂದು ಸಾಲಿಗೆ ಶಿಕ್ಷಕರ ಕಣ್ಣನ್ನು ಮತ್ತೆ ಕರೆತಂದರೆ ಸಾಕು.

ಪತ್ರದ ಭಾಗಗಳು

ಕನ್ನಡ ಪಠ್ಯದಲ್ಲಿ ಕಲಿಯುವ ಮನವಿ ಪತ್ರದ ಚೌಕಟ್ಟೇ ಇಲ್ಲಿಗೂ ಒಪ್ಪುತ್ತದೆ: ಇಂದ, ಇವರಿಗೆ, ಮಾನ್ಯರೇ, ವಿಷಯ, ಒಡಲು, ಇಂತಿ. ತರಗತಿ, ವಿಭಾಗ ಮತ್ತು ಕ್ರಮಸಂಖ್ಯೆಯನ್ನು ತಪ್ಪದೆ ಬರೆಯಿರಿ. ಒಂದೇ ಹೆಸರಿನ ಮೂವರು ಮಕ್ಕಳಿರುವ ತರಗತಿಗಳಿವೆ, ಅಂಕಗಳ ವಹಿಯಲ್ಲಿ ನಾವು ಹುಡುಕುವುದು ಕ್ರಮಸಂಖ್ಯೆಯನ್ನೇ.

ವಿಷಯದ ಸಾಲಿನಲ್ಲಿ "ಅಂಕದ ಬಗ್ಗೆ" ಎಂದು ಬರೆಯಬೇಡಿ. ಯಾವ ವರ್ಕ್‌ಶೀಟ್, ಎಷ್ಟನೆಯ ಪ್ರಶ್ನೆ ಎಂಬುದು ಅಲ್ಲೇ ಬಂದುಬಿಡಲಿ. ಪತ್ರ ಕೈಗೆ ಬಂದ ಕ್ಷಣ ಶಿಕ್ಷಕರು ತಮ್ಮ ಉತ್ತರ ಸೂಚಿಯ ಏಳನೇ ಪ್ರಶ್ನೆಗೆ ಹೋಗುವಂತಿರಬೇಕು.

ಒಡಲಿನ ಮೊದಲಿಗೆ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ. ನಿಮ್ಮ ಮಾತಿನಲ್ಲಿ ಹೇಳಲು ಹೋದರೆ ಮುಖ್ಯ ಪದವೇ ಬಿಟ್ಟುಹೋಗಬಹುದು. ಅದಾದ ಮೇಲೆ ಪ್ರಶ್ನೆಯನ್ನು ನೀವು ಹೇಗೆ ಅರ್ಥ ಮಾಡಿಕೊಂಡಿರಿ ಎಂದು ಒಂದು ವಾಕ್ಯ ಬರೆಯಿರಿ. ಈ ವಾಕ್ಯದ ಉಪಯೋಗ ದೊಡ್ಡದು. ಒಮ್ಮೊಮ್ಮೆ ಪ್ರಶ್ನೆಯನ್ನೇ ಎರಡು ಬಗೆಯಲ್ಲಿ ಓದಲು ಬರುತ್ತದೆ. "ಡಬ್ಬಕ್ಕೆ ಬಣ್ಣ ಬಳಿಯಬೇಕು" ಎಂದಿದ್ದರೆ ಹೊರಗೆ ಮಾತ್ರವೋ ಒಳಗೂ ಸೇರಿಯೋ? ನೀವು ಓದಿದ ಬಗೆ ತಿಳಿದರೆ ನಿಮ್ಮ ಉತ್ತರ ಆ ಓದಿಗೆ ಸರಿಯಾಗಿದೆಯೇ ಎಂದು ಶಿಕ್ಷಕರು ನೋಡಬಹುದು.

ನಂತರ ಲೆಕ್ಕ. ಒಂದು ಸಾಲಿಗೆ ಒಂದೇ ಹಂತ ಇರಲಿ. ಸೂತ್ರ, ಬೆಲೆಗಳನ್ನು ಹಾಕಿದ ಸಾಲು, ಫಲಿತಾಂಶ, ಅದರ ಮಾನ. "ಸೆಂ.ಮೀ." ಮತ್ತು "ಚ.ಸೆಂ.ಮೀ." ನಡುವಿನ ವ್ಯತ್ಯಾಸದಲ್ಲಿ ಎಚ್ಚರವಿರಲಿ. ವರ್ಕ್‌ಶೀಟ್‌ನಲ್ಲಿ ನೀವು ಬರೆದ ಹಂತಗಳನ್ನೇ ಇಲ್ಲಿ ಬರೆಯಬೇಕು. ಅಲ್ಲಿ ಬರೆಯದೆ ಬಿಟ್ಟ ಹಂತವನ್ನು ಈಗ ಸೇರಿಸುವುದಾದರೆ "ಈ ಹಂತವನ್ನು ಹಾಳೆಯಲ್ಲಿ ಬರೆದಿರಲಿಲ್ಲ" ಎಂದು ಹೇಳಿಬಿಡಿ. ಹಂತಕ್ಕೆ ಅಂಕವಿದ್ದಲ್ಲಿ ಬರೆಯದ ಹಂತಕ್ಕೆ ಅಂಕ ಸಿಗದಿರಬಹುದು. ಆದರೂ ಮುಚ್ಚಿಟ್ಟದ್ದು ಮೂಲ ಹಾಳೆ ತೆರೆದ ತಕ್ಷಣ ಕಾಣುತ್ತದೆ, ಆಮೇಲೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ.

ಕೊನೆಗೆ ವ್ಯತ್ಯಾಸ ಎಲ್ಲಿರಬಹುದು ಎಂಬ ಒಂದು ಸಾಲು ಮತ್ತು ಕೋರಿಕೆ.

ಮಾದರಿ ಪತ್ರ

ಆ ಹುಡುಗಿಯ ಪತ್ರವನ್ನು ಆಧಾರವಾಗಿಟ್ಟುಕೊಂಡು, ಹೆಸರು ತೆಗೆದು, ಒಂದೆರಡು ಕಡೆ ತಿದ್ದಿ ಕೊಟ್ಟಿದ್ದೇನೆ.

ದಿನಾಂಕ: ..........
ಸ್ಥಳ: ..........

ಇಂದ,
ಅ. ಬ. ಕ.,
8ನೇ ತರಗತಿ, 'ಬಿ' ವಿಭಾಗ, ಕ್ರಮಸಂಖ್ಯೆ 23

ಇವರಿಗೆ,
ಗಣಿತ ಶಿಕ್ಷಕಿಯವರು,
.......... ಪ್ರೌಢಶಾಲೆ

ಮಾನ್ಯರೇ,

ವಿಷಯ: ಗಣಿತದ 4ನೇ ವರ್ಕ್‌ಶೀಟ್‌ನ 7ನೇ ಪ್ರಶ್ನೆಯ ಉತ್ತರವನ್ನು ಮರುಪರಿಶೀಲಿಸುವಂತೆ ಕೋರಿಕೆ.

ಸೋಮವಾರ ತಾವು ಹಿಂದಿರುಗಿಸಿದ 4ನೇ ವರ್ಕ್‌ಶೀಟ್‌ನಲ್ಲಿ 7ನೇ ಪ್ರಶ್ನೆಗೆ ನಾನು ಬರೆದ 594 ಚ.ಸೆಂ.ಮೀ. ಎಂಬ ಉತ್ತರಕ್ಕೆ ತಪ್ಪು ಗುರುತು ಬಂದಿದೆ. ಮನೆಯಲ್ಲಿ ಮತ್ತೆ ಎರಡು ಬಾರಿ ಲೆಕ್ಕ ಮಾಡಿದಾಗಲೂ ನನಗೆ ಅದೇ ಉತ್ತರ ಬಂದಿತು. ನನ್ನ ಲೆಕ್ಕವನ್ನು ತಮ್ಮ ಗಮನಕ್ಕಾಗಿ ಕೆಳಗೆ ಬರೆದಿದ್ದೇನೆ.

ಪ್ರಶ್ನೆ: ಮೇಲ್ಭಾಗ ತೆರೆದಿರುವ ಸಿಲಿಂಡರಿನಾಕಾರದ ತಗಡಿನ ಡಬ್ಬವೊಂದರ ತ್ರಿಜ್ಯ 7 ಸೆಂ.ಮೀ., ಎತ್ತರ 10 ಸೆಂ.ಮೀ. ಇದೆ. ಇದನ್ನು ತಯಾರಿಸಲು ಬೇಕಾಗುವ ತಗಡಿನ ವಿಸ್ತೀರ್ಣವನ್ನು ಕಂಡುಹಿಡಿಯಿರಿ. (π = 22/7 ಎಂದು ತೆಗೆದುಕೊಳ್ಳಿ)

ಡಬ್ಬದ ಮೇಲ್ಭಾಗ ತೆರೆದಿರುವುದರಿಂದ ಸುತ್ತಲಿನ ಭಾಗಕ್ಕೂ ತಳಕ್ಕೂ ಮಾತ್ರ ತಗಡು ಬೇಕು ಎಂದು ನಾನು ಅರ್ಥ ಮಾಡಿಕೊಂಡೆ.

ವಕ್ರ ಮೇಲ್ಮೈ ವಿಸ್ತೀರ್ಣ = 2πrh
= 2 × 22/7 × 7 × 10
= 440 ಚ.ಸೆಂ.ಮೀ.

ತಳದ ವಿಸ್ತೀರ್ಣ = πr²
= 22/7 × 7 × 7
= 154 ಚ.ಸೆಂ.ಮೀ.

ಬೇಕಾಗುವ ತಗಡು = 440 + 154
= 594 ಚ.ಸೆಂ.ಮೀ.

ಹಾಳೆಯಲ್ಲಿ ತಾವು ಬರೆದಿರುವ ಉತ್ತರ 748 ಚ.ಸೆಂ.ಮೀ. ಎರಡರ ವ್ಯತ್ಯಾಸ 154 ಚ.ಸೆಂ.ಮೀ. ಇದು ಒಂದು ವೃತ್ತದ ವಿಸ್ತೀರ್ಣಕ್ಕೆ ಸಮನಾಗಿರುವುದರಿಂದ, ಮುಚ್ಚಳವನ್ನು ಸೇರಿಸುವುದೋ ಬಿಡುವುದೋ ಎಂಬಲ್ಲಿ ವ್ಯತ್ಯಾಸ ಬಂದಿರಬಹುದು ಎಂದು ನನಗೆ ತೋರುತ್ತದೆ.

ತಮಗೆ ಬಿಡುವಾದಾಗ ಈ ಉತ್ತರವನ್ನು ಇನ್ನೊಮ್ಮೆ ಪರಿಶೀಲಿಸಬೇಕೆಂದು ಕೋರುತ್ತೇನೆ. ನಾನು ಪ್ರಶ್ನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಯಾವ ಹಂತದಲ್ಲಿ ತಪ್ಪಿದೆ ಎಂದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ. ವರ್ಕ್‌ಶೀಟನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
ಅ. ಬ. ಕ.

ಮಾತಿನ ಆಯ್ಕೆ

ಪತ್ರದಲ್ಲಿ "ತಾವು ತಪ್ಪಾಗಿ ತಿದ್ದಿದ್ದೀರಿ" ಎಂಬ ವಾಕ್ಯ ಎಲ್ಲೂ ಇಲ್ಲ. "ನನ್ನ ಉತ್ತರಕ್ಕೆ ತಪ್ಪು ಗುರುತು ಬಂದಿದೆ" ಎಂದಿದೆ. ನಡೆದದ್ದು ಅಷ್ಟೇ, ಅದಕ್ಕಿಂತ ಹೆಚ್ಚು ನಿಮಗೆ ಆ ಹೊತ್ತಿಗೆ ಖಚಿತವಾಗಿ ಗೊತ್ತಿರುವುದಿಲ್ಲ. "ಬಂದಿರಬಹುದು ಎಂದು ನನಗೆ ತೋರುತ್ತದೆ" ಎಂಬ ಮಾತೂ ಹಾಗೆಯೇ. ಲೆಕ್ಕದ ಸಾಲುಗಳಲ್ಲಿ ಮಾತ್ರ ಇಂಥ ಹಿಂಜರಿಕೆ ಬೇಡ. 440 ಎಂದರೆ 440, ಅಲ್ಲಿ "ಬರಬಹುದು" ಎಂದು ಬರೆಯಬಾರದು.

ವಿನಯ ಎಂದುಕೊಂಡು ಕೆಲವರು ಪ್ರತಿ ಸಾಲಿಗೂ "ದಯವಿಟ್ಟು ಕ್ಷಮಿಸಿ" ಸೇರಿಸುತ್ತಾರೆ. ಉತ್ತರವನ್ನು ಮತ್ತೆ ನೋಡಿ ಎಂದು ಕೇಳುವುದರಲ್ಲಿ ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ಒಂದು ಕಡೆ "ಕೋರುತ್ತೇನೆ" ಎಂದರೆ ಸಾಕು. "ತಾವು" ಎಂದು ಆರಂಭಿಸಿದರೆ ಕೊನೆಯವರೆಗೂ "ತಾವು", "ತಮ್ಮ" ಎಂದೇ ಇರಲಿ. ನಡುವೆ "ನೀವು" ಬಂದರೆ ಅಪರಾಧವಲ್ಲ, ಆದರೆ ಅವಸರದಲ್ಲಿ ಬರೆದಂತೆ ಕಾಣುತ್ತದೆ.

"ಪಕ್ಕದಲ್ಲಿ ಕೂರುವವಳಿಗೆ ಇದೇ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟಿದ್ದೀರಿ" ಎಂದು ಮಾತ್ರ ಖಂಡಿತ ಬರೆಯಬೇಡಿ. ಅದು ನಿಜವೇ ಆಗಿದ್ದರೂ ನಿಮ್ಮ ಉತ್ತರ ಸರಿ ಎಂಬುದಕ್ಕೆ ಅದು ಪುರಾವೆಯಲ್ಲ. ಗೆಳತಿಯ ಹಾಳೆಯನ್ನು ಅವಳ ಒಪ್ಪಿಗೆ ಇಲ್ಲದೆ ಮುಂದೆ ತಂದಂತೆಯೂ ಆಗುತ್ತದೆ, ಅವಳ ಅಂಕ ಹೋದರೂ ಹೋಗಬಹುದು. ನಿಮ್ಮ ಲೆಕ್ಕ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. "ಒಂದು ಅಂಕದಿಂದ ನನ್ನ ಶ್ರೇಣಿ ತಪ್ಪಿತು" ಎಂಬ ಮಾತಿಗೂ ಇಲ್ಲಿ ಜಾಗವಿಲ್ಲ. ಅದು ಡಬ್ಬದ ಮುಚ್ಚಳದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಳೆಯನ್ನು ಮುಟ್ಟಬೇಡಿ

ತಿದ್ದಿ ಬಂದ ವರ್ಕ್‌ಶೀಟ್ ಮೇಲೆ ಪೆನ್ನನ್ನಾಗಲಿ ಪೆನ್ಸಿಲನ್ನಾಗಲಿ ಇಡಬೇಡಿ. ಬಿಟ್ಟುಹೋದ ಮಾನವನ್ನು ಬರೆಯುವುದು, ಮಸುಕಾದ ಅಂಕಿಯನ್ನು ಗಾಢ ಮಾಡುವುದು, ಕೆಂಪು ಗೀಟಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕುವುದು, ಯಾವುದೂ ಬೇಡ. ಒಂದೇ ಒಂದು ಹೊಸ ಗುರುತು ಇದ್ದರೂ ಉಳಿದದ್ದೂ ಆಮೇಲೆ ಬರೆದದ್ದೇ ಎಂಬ ಸಂಶಯ ಬರುತ್ತದೆ. ಹಾಳೆ ಕೈಗೆ ಬಂದ ದಿನವೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಹೊಸ ಲೆಕ್ಕವೆಲ್ಲ ಪತ್ರದ ಹಾಳೆಯಲ್ಲೇ ಇರಲಿ.

ಪತ್ರವನ್ನು ಎರಡು ಮೂರು ದಿನಗಳೊಳಗೆ ಕೊಡಿ. ವರ್ಕ್‌ಶೀಟ್ ಅಂಕಗಳು ರೂಪಣಾತ್ಮಕ ಮೌಲ್ಯಮಾಪನದ ಲೆಕ್ಕಕ್ಕೆ ಸೇರುವುದಾದರೆ, ಅವು ವಹಿಗೆ ಏರುವ ಮೊದಲು ತಿದ್ದುವುದು ಸುಲಭ, ಆಮೇಲೆ ತಿದ್ದುವುದು ಕಷ್ಟ. ಕೊಡುವ ಹೊತ್ತನ್ನೂ ಯೋಚಿಸಿ. ಪಾಠ ಶುರುವಾಗುವ ಮುಂಚೆ, ಇಡೀ ತರಗತಿಯ ಮುಂದೆ ಬೇಡ. ಗಂಟೆ ಹೊಡೆದು ಶಿಕ್ಷಕರು ಮುಂದಿನ ತರಗತಿಗೆ ಓಡುತ್ತಿರುವಾಗಲೂ ಬೇಡ. ಶಾಲೆ ಬಿಡುವ ಹೊತ್ತಿಗೆ ಶಿಕ್ಷಕರ ಕೊಠಡಿಗೆ ಹೋಗಿ "ಮೇಡಂ, ಏಳನೇ ಲೆಕ್ಕದ ಬಗ್ಗೆ ಒಂದು ಪತ್ರ ಬರೆದಿದ್ದೇನೆ, ಬಿಡುವಾದಾಗ ನೋಡುತ್ತೀರಾ?" ಎಂದು ಕೊಟ್ಟು ಬನ್ನಿ. ಅಲ್ಲೇ ನಿಂತು ಉತ್ತರಕ್ಕೆ ಕಾಯಬೇಡಿ. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪತ್ರದ ಚಿತ್ರ ಹಾಕುವುದಂತೂ ಸಲ್ಲದು. ಅಲ್ಲಿ ಅದು ಕೋರಿಕೆಯಾಗಿ ಉಳಿಯುವುದಿಲ್ಲ.

ಪೋಷಕರಿಗೂ ಒಂದು ಮಾತು. ಪತ್ರ ಮಗುವಿನ ಕೈಬರಹದಲ್ಲಿ, ಮಗುವಿನ ಲೆಕ್ಕದಲ್ಲೇ ಇರಲಿ. ಬರೆದದ್ದನ್ನು ಓದಿ ನೋಡಿ, "ಈ 154 ಎಲ್ಲಿಂದ ಬಂತು, ನನಗೆ ಹೇಳು" ಎಂದು ಕೇಳಿ. ಮಗು ವಿವರಿಸಲು ತಡವರಿಸಿದರೆ ಪತ್ರ ಇನ್ನೂ ಸಿದ್ಧವಾಗಿಲ್ಲ.

ಉತ್ತರ ಬಂದ ಮೇಲೆ

ಶಿಕ್ಷಕರು ಒಪ್ಪದಿರಬಹುದು. ಆಗ "ಯಾವ ಹಂತ, ಮೇಡಂ?" ಎಂಬ ಒಂದೇ ಪ್ರಶ್ನೆ ಕೇಳಿ. ಅಂಕವನ್ನು ಬಿಟ್ಟು ಹಂತದ ಬಗ್ಗೆ ಕೇಳಿದರೆ ಮಾತು ಲೆಕ್ಕದ ಮೇಲೆಯೇ ನಿಲ್ಲುತ್ತದೆ. ಒಬ್ಬ ಹುಡುಗ ಒಮ್ಮೆ ಇಂಥದೇ ಪತ್ರ ತಂದಿದ್ದ. ಲೆಕ್ಕವೆಲ್ಲ ಸರಿ, ಉತ್ತರವೂ ಸರಿ, ಆದರೆ ಕೊನೆಯ ಸಾಲಿನಲ್ಲಿ "ಚ.ಸೆಂ.ಮೀ." ಬದಲು "ಸೆಂ.ಮೀ." ಎಂದು ಬರೆದಿದ್ದ. ಅರ್ಧ ಅಂಕ ಹೋದದ್ದು ಅದಕ್ಕೆ. ಪತ್ರದಲ್ಲೂ ಅದೇ "ಸೆಂ.ಮೀ." ಮರುಕಳಿಸಿತ್ತು. ನಾನು ಆ ಪದದ ಕೆಳಗೆ ಗೆರೆ ಎಳೆದು ಹಿಂದಿರುಗಿಸಿದೆ. ಅವನು ನೋಡಿ, ತಲೆಯಾಡಿಸಿ, ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ವಿವರಣೆ ಕೇಳಿದ ಮೇಲೂ ಒಪ್ಪಿಗೆಯಾಗದಿದ್ದರೆ, ಪಠ್ಯಪುಸ್ತಕದಲ್ಲಿ ಅದೇ ಬಗೆಯ ಬಿಡಿಸಿದ ಲೆಕ್ಕವಿದೆಯೇ ಎಂದು ಹುಡುಕಿ, ಪುಟ ಸಂಖ್ಯೆಯೊಂದಿಗೆ ಇನ್ನೊಮ್ಮೆ ಕೇಳಬಹುದು. ಮೂರನೆಯ ಸಲ ಬೇಡ. ಒಂದು ವರ್ಕ್‌ಶೀಟ್ ಪ್ರಶ್ನೆಯನ್ನು ಮುಖ್ಯೋಪಾಧ್ಯಾಯರವರೆಗೆ ಒಯ್ಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಈ ಪತ್ರದ ದಾರಿ ಶಾಲೆಯೊಳಗಿನ ಹಾಳೆಗಳಿಗೆ ಮಾತ್ರ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಉತ್ತರ ಪತ್ರಿಕೆಯ ಮಾತೇ ಬೇರೆ. ಅಲ್ಲಿ ಮಂಡಳಿ ಪ್ರಕಟಿಸುವ ಗಡುವಿನೊಳಗೆ, ನಿಗದಿತ ಶುಲ್ಕ ಕಟ್ಟಿ ಛಾಯಾಪ್ರತಿಗೂ ಮರುಮೌಲ್ಯಮಾಪನಕ್ಕೂ ಅರ್ಜಿ ಹಾಕಬೇಕು. ತಿದ್ದಿದವರು ಯಾರೆಂದು ನಿಮಗೆ ತಿಳಿಯುವುದೇ ಇಲ್ಲ. ಆದರೂ ಛಾಯಾಪ್ರತಿ ಕೈಗೆ ಬಂದಾಗ ಮುಂದಿನ ಅರ್ಜಿ ಹಾಕಬೇಕೇ ಬೇಡವೇ ಎಂದು ತೀರ್ಮಾನಿಸಲು, ಮುಚ್ಚಿಟ್ಟು ಮತ್ತೆ ಲೆಕ್ಕ ಮಾಡುವ ಮತ್ತು ವ್ಯತ್ಯಾಸವನ್ನು ಓದುವ ಆ ಎರಡು ಹೆಜ್ಜೆಗಳು ಅಲ್ಲಿಯೂ ನೆರವಿಗೆ ಬರುತ್ತವೆ.

ಶಿಕ್ಷಕರು ಒಪ್ಪಿ ತಿದ್ದಿದರೆ ಹಾಳೆಯ ಒಳಪುಟವನ್ನಷ್ಟೇ ನೋಡಿ ಸಂತೋಷಪಟ್ಟು ಮನೆಗೆ ಹೋಗಬೇಡಿ. ಮೊದಲ ಪುಟದ ಮೇಲಿನ ಮೊತ್ತವೂ ಬದಲಾಗಿದೆಯೇ ನೋಡಿ. ಆ ಹುಡುಗಿಯ ಏಳನೇ ಲೆಕ್ಕಕ್ಕೆ ನಾನು 3 ಅಂಕ ಕೊಟ್ಟು, ಪಕ್ಕದಲ್ಲಿ ಸಹಿ ಮಾಡಿ, ಹಾಳೆಯನ್ನು ಅವಳ ಕೈಗಿಟ್ಟೆ. ಅವಳು ಮೊದಲ ಪುಟಕ್ಕೆ ತಿರುಗಿಸಿ, "ಮೇಡಂ, ಇಲ್ಲಿ ಇನ್ನೂ 16 ಇದೆ" ಎಂದಳು. 18 ಎಂದು ತಿದ್ದಿದೆ. ಅಂದು ಸಂಜೆಯೇ ಅದೇ ಪ್ರಶ್ನೆಗೆ 594 ಎಂದು ಬರೆದಿದ್ದ ಉಳಿದ ಮಕ್ಕಳ ಹಾಳೆಗಳನ್ನೂ ವಾಪಸ್ ತರಿಸಿಕೊಂಡೆ.